ಪ್ರತಿಭೆ ಎಂದರೆ ಹೊಳೆದದ್ದು

ಆಹ್ವಾನಪತ್ರಿಕೆ ಅಚ್ಚಾಗಿ ಬಂದಾಗ ಉಪನ್ಯಾಸಕರ ಹೆಸರಿನ ಹಿಂದೆ ‘ಕು||’ ಎಂದಿತ್ತು. ಅದರ ಮೇಲಿನ ಸಾಲಿನಲ್ಲಿ, ಹೆಸರಿಗಿಂತ ದಪ್ಪ ಅಕ್ಷರದಲ್ಲಿ, ‘ಬಾಲಪ್ರತಿಭೆ’ ಎಂದಿತ್ತು. ನಮ್ಮ ಊರಿನ ಇತಿಹಾಸಾಸಕ್ತರ ಬಳಗ ತಿಂಗಳಿಗೊಂದು ಉಪನ್ಯಾಸ ಇಟ್ಟುಕೊಳ್ಳುತ್ತದೆ. ಬರುವವರು ನಲವತ್ತು ಐವತ್ತು ಜನ, ಹೆಚ್ಚಿನವರು ನಿವೃತ್ತರು. ಆ ತಿಂಗಳು ಮಾತನಾಡಬೇಕಿದ್ದದ್ದು ಮೊದಲ ಪಿಯುಸಿ ಓದುತ್ತಿರುವ 16 ವರ್ಷದ ಹುಡುಗಿ. ವಿಷಯ, ಸುತ್ತಲ ಮೂರು ಊರುಗಳ ವೀರಗಲ್ಲುಗಳು. ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂತು.

ಒಂದೂವರೆ ಪುಟ ಬರೆದೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂದು ಶುರುಮಾಡಿದ್ದೆ. ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ನಡುವಿನಲ್ಲಿ ಬಂದಿತ್ತು. ‘ಹುಟ್ಟು ಪ್ರತಿಭೆ’, ‘ಈ ಪುಟ್ಟ ಬಾಲೆ’, ‘ಹಳೆಗನ್ನಡವನ್ನು ಅರೆದು ಕುಡಿದಿರುವ’, ‘ಘಟಾನುಘಟಿ ವಿದ್ವಾಂಸರೂ ಬೆರಗಾಗುವಂತೆ’ ಎಲ್ಲ ಇದ್ದವು. ತಪ್ಪೇನಾದರೂ ಇದ್ದರೆ ತಿದ್ದಲಿ ಎಂದು ಅವರಿಗೇ ತೋರಿಸಿದೆ. ಅವರು ನಿಂತಲ್ಲೇ ಎರಡು ಸಲ ಓದಿ, ಹಾಳೆ ಮಡಚಿ ಕೈಗೆ ಕೊಡುತ್ತಾ, “ಸಾರ್, ಇದರಲ್ಲಿ ಕಲ್ಲಿನ ವಿಷಯ ಎಲ್ಲೂ ಬಂದಿಲ್ಲವಲ್ಲ?” ಎಂದರು.

ಅವರ ಮಾತು ನಿಜವಾಗಿತ್ತು. ಒಂದೂವರೆ ಪುಟದಲ್ಲಿ ಕಲ್ಲೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. ಇದ್ದದ್ದು ವಯಸ್ಸು, ಮತ್ತು ಆ ವಯಸ್ಸಿನ ಬಗ್ಗೆ ನನ್ನ ಆಶ್ಚರ್ಯ. ‘ಪ್ರತಿಭೆ’ ಎಂಬ ಪದವನ್ನು ಏಳು ಕಡೆ ಬಳಸಿದ್ದೆ. ಆ ರಾತ್ರಿ ಹಾಳೆಯನ್ನು ಬದಿಗಿಟ್ಟು ಆ ಪದವನ್ನೇ ಹಿಡಿದು ಕೂತೆ.

ಸಂಸ್ಕೃತದಲ್ಲಿ ಇದರ ಬೇರು ‘ಭಾ’, ಬೆಳಗುವುದು, ಹೊಳೆಯುವುದು. ‘ಪ್ರಭೆ’, ‘ಆಭೆ’, ‘ಭಾನು’ ಎಲ್ಲ ಅದೇ ಬೇರಿನವು. ಅದಕ್ಕೆ ‘ಪ್ರತಿ’ ಸೇರಿದರೆ ‘ಪ್ರತಿಭಾತಿ’. ಎದುರಿಗೆ ಬೆಳಗುತ್ತದೆ, ಕಾಣಿಸಿಕೊಳ್ಳುತ್ತದೆ, ಮನಸ್ಸಿಗೆ ಬರುತ್ತದೆ ಎಂದು ಅರ್ಥ. ಈ ಕ್ರಿಯಾಪದದಲ್ಲಿ ಕರ್ತೃವಿನ ಜಾಗದಲ್ಲಿರುವುದು ಮನುಷ್ಯನಲ್ಲ, ವಿಷಯ. ವಿಷಯ ಹೊಳೆಯುತ್ತದೆ, ಮನುಷ್ಯನಿಗೆ ಹೊಳೆಯುತ್ತದೆ. ನಮ್ಮ ಕನ್ನಡಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ನನಗೆ ಹೊಳೆಯಿತು’ ಎಂದು ನಾವು ದಿನಾ ಅನ್ನುತ್ತೇವೆ. ಚೊಂಬೂ ಹೊಳೆಯುತ್ತದೆ, ಉಪಾಯವೂ ಹೊಳೆಯುತ್ತದೆ. ಹಳೆಗನ್ನಡದ ‘ಪೊಳೆ’ಯಿಂದ ಬಂದ ಈ ಮಾತು ಸಂಸ್ಕೃತದ ‘ಪ್ರತಿಭಾತಿ’ ನಡೆದ ದಾರಿಯಲ್ಲೇ, ಬೆಳಕಿನಿಂದ ಬುದ್ಧಿಗೆ, ತಾನಾಗಿ ನಡೆದುಬಂದಿದೆ. ‘ಹೊಳಹು’ ಎಂಬ ನಾಮಪದವೂ ಇದೆ. ಪ್ರತಿಭೆಗೆ ಅಚ್ಚಗನ್ನಡ ಬೇಕೆನ್ನುವವರು ಅದನ್ನು ಬಳಸಬಹುದು. ಆದರೆ ‘ಅವಳಲ್ಲಿ ಹೊಳಹು ಇದೆ’ ಎಂದು ಯಾರೂ ಹೇಳುವುದಿಲ್ಲ. ‘ಅವಳಿಗೆ ಒಂದು ಹೊಳಹು ಸಿಕ್ಕಿತು’ ಎನ್ನುತ್ತೇವೆ. ಯಾವುದರ ಹೊಳಹು ಎಂದು ಕೇಳುವ ಮನಸ್ಸು ಆ ಪದದಲ್ಲೇ ಇದೆ. ‘ಪ್ರತಿಭೆ’ ಕಳೆದುಕೊಂಡಿರುವುದು ಅದನ್ನೇ.

ಈ ಪದದ ಹಳೆಯ ಬದುಕಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಒಬ್ಬ ಹುಡುಗಿ ಇದ್ದಾಳೆ. ಭಾರತೀಯ ದಾರ್ಶನಿಕರು ಜ್ಞಾನ ಎಷ್ಟು ಬಗೆ ಎಂದು ವಿಂಗಡಿಸುವಾಗ ‘ಪ್ರಾತಿಭ’ ಎಂಬ ಒಂದು ಬಗೆಯನ್ನು ಹೇಳುತ್ತಾರೆ. ಕಣ್ಣಿಂದ ಕಂಡದ್ದಲ್ಲ, ಹೊಗೆ ನೋಡಿ ಬೆಂಕಿ ಊಹಿಸಿದ ಹಾಗೂ ಅಲ್ಲ, ಥಟ್ಟನೆ ಮನಸ್ಸಿಗೆ ಬಂದು ನಿಜವಾಗುವ ತಿಳಿವು ಅದು. ವೈಶೇಷಿಕ ದರ್ಶನದ ಪ್ರಶಸ್ತಪಾದ ಅದಕ್ಕೆ ಕೊಡುವ ಉದಾಹರಣೆಯಲ್ಲಿ ಒಬ್ಬ ಎಳೆಯ ಹುಡುಗಿ, ‘ನಾಳೆ ನನ್ನ ಅಣ್ಣ ಬರುತ್ತಾನೆ, ನನ್ನ ಮನಸ್ಸು ಹೇಳುತ್ತಿದೆ’ ಎನ್ನುತ್ತಾಳೆ. ಮುಂದೆ ಬೇರೆ ಶಾಸ್ತ್ರಕಾರರೂ ಈ ಉದಾಹರಣೆಯನ್ನು ಎತ್ತಿಕೊಂಡು ಚರ್ಚಿಸಿದರು. ಅದು ಪ್ರಮಾಣವೋ ಅಲ್ಲವೋ, ಅಣ್ಣ ಬಾರದೆ ಹೋದರೆ ಏನು, ಬಂದರೆ ಅದಕ್ಕೆ ಕಾರಣ ಯಾವುದು ಎಂದು ವಾದಿಸಿದರು. ಇಷ್ಟೆಲ್ಲ ವಾದದಲ್ಲಿ ಅವರ ಗಮನವಿದ್ದದ್ದು ಅವಳು ಆಡಿದ ಮಾತಿನ ಮೇಲೆ. ಇಷ್ಟು ಚಿಕ್ಕವಳು ಇದನ್ನು ಹೇಗೆ ಹೇಳಿದಳು ಎಂಬ ಬೆರಗಿನ ಮೇಲಲ್ಲ. ಅವಳ ತಿಳಿವನ್ನು ದೊಡ್ಡವರ ತಿಳಿವಿನ ಹಾಗೆಯೇ ಒರೆಗೆ ಹಚ್ಚಿದರು. ಒಬ್ಬ ಕಿರಿಯಳಿಗೆ ಅದಕ್ಕಿಂತ ದೊಡ್ಡ ಗೌರವವನ್ನು ನಾನು ಕಂಡಿಲ್ಲ.

5ನೇ ಶತಮಾನದ ಸುಮಾರಿನ ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಪದವನ್ನು ಇನ್ನೂ ಅಗಲ ಮಾಡಿದ. ಬಿಡಿ ಪದಗಳನ್ನು ಕೇಳುತ್ತಾ ಹೋದಾಗ ಇಡೀ ವಾಕ್ಯದ ಅರ್ಥ ಒಮ್ಮೆಗೇ ತೆರೆದುಕೊಳ್ಳುತ್ತದಲ್ಲ, ಆ ತೆರೆದುಕೊಳ್ಳುವಿಕೆಯನ್ನೇ ಪ್ರತಿಭೆ ಎಂದು ಕರೆದ. ವಸಂತ ಬಂದಾಗ ಕೋಗಿಲೆಯ ಸ್ವರ ಬದಲಿಸಿದವರು ಯಾರು, ಗೂಡು ಕಟ್ಟಲು ಹಕ್ಕಿಗೆ ಕಲಿಸಿದವರು ಯಾರು ಎಂದು ಕೇಳಿದ. ಹೀಗೆ ನೋಡಿದರೆ ಪ್ರತಿಭೆ ಎಲ್ಲ ಜೀವಿಗಳಿಗೂ ಸೇರಿದ್ದು. ಅದು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಅವನು ಆರು ಮೂಲಗಳನ್ನು ಹೇಳುತ್ತಾನೆ. ಸ್ವಭಾವ ಅದರಲ್ಲಿ ಒಂದು, ಅಭ್ಯಾಸ ಇನ್ನೊಂದು.

ಕಾವ್ಯಮೀಮಾಂಸಕರ ಕೈಗೆ ಬಂದಾಗ ಪದ ಕಿರಿದಾಯಿತು, ಹರಿತವೂ ಆಯಿತು. ಕಾಶ್ಮೀರದ ಭಟ್ಟತೌತ ಅದನ್ನು ಹೊಸಹೊಸದಾಗಿ ಅರಳುತ್ತಲೇ ಇರುವ ಬುದ್ಧಿ ಎಂದ. ಅವನ ಶಿಷ್ಯ ಅಭಿನವಗುಪ್ತ, ಹಿಂದೆ ಇಲ್ಲದ ವಸ್ತುವನ್ನು ಉಂಟುಮಾಡಬಲ್ಲ ಪ್ರಜ್ಞೆ ಎಂದ. ಕವಿಗೆ ಇದು ಹುಟ್ಟಿನಿಂದಲೇ ಬರಬೇಕೇ ಎಂಬ ಪ್ರಶ್ನೆ ಅವರಿಗಿಂತ ಮೊದಲೇ ಎದ್ದಿತ್ತು. ದಂಡಿ ‘ಕಾವ್ಯಾದರ್ಶ’ದಲ್ಲಿ ಸಹಜವಾದ ಪ್ರತಿಭೆ, ವಿಶಾಲವಾದ ಓದು, ಬಿಡದ ಪ್ರಯತ್ನ ಈ ಮೂರನ್ನೂ ಒಟ್ಟಿಗೆ ಹೇಳಿದ. ಮರುಕ್ಷಣವೇ, ಅಂಥ ಅದ್ಭುತ ಪ್ರತಿಭೆ ಇಲ್ಲದಿದ್ದರೂ ಓದು ಮತ್ತು ಪ್ರಯತ್ನದಿಂದ ಸರಸ್ವತಿಯನ್ನು ಸೇವಿಸಿದವನಿಗೆ ಅವಳು ಒಲಿಯದೆ ಇರುವುದಿಲ್ಲ ಎಂದು ಸೇರಿಸಿದ. ದಂಡಿಯ ದಾರಿ ಹಿಡಿದು 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ನಮ್ಮ ‘ಕವಿರಾಜಮಾರ್ಗ’, ಓದದೆಯೂ ಕಾವ್ಯಪ್ರಯೋಗದಲ್ಲಿ ಪಳಗಿದವರು ಎಂದು ಕನ್ನಡಿಗರನ್ನು ಹೊಗಳುವಾಗ ಕಿರಿಯ ಮಕ್ಕಳನ್ನೂ ಆ ವಿವೇಕದ ಲೆಕ್ಕಕ್ಕೆ ಸೇರಿಸಿಕೊಂಡಿದೆ. ಬೆನ್ನಿಗೇ ಕಾವ್ಯದ ದೋಷಗಳನ್ನೂ ಎಣಿಸುತ್ತದೆ. ಹೊಗಳಿದವರನ್ನು ತಿದ್ದುವುದೂ ಅದಕ್ಕೆ ಸಹಜವಾಗಿತ್ತು.

ಪರಿಚಯ ಭಾಷಣ ಮಾಡುವವರು ಯಾರನ್ನಾದರೂ ಓದಬೇಕಿದ್ದರೆ ರಾಜಶೇಖರನನ್ನು ಓದಬೇಕು. 900ರ ಆಸುಪಾಸಿನಲ್ಲಿ ಕನೌಜಿನ ಪ್ರತಿಹಾರರ ಆಸ್ಥಾನದಲ್ಲಿದ್ದ ಅವನು ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡಾಗಿ ಒಡೆದ. ಮಾಡುವವನದು ಕಾರಯಿತ್ರೀ, ಗ್ರಹಿಸುವವನದು ಭಾವಯಿತ್ರೀ. ಮಾಡುವವನ ಪ್ರತಿಭೆಯಲ್ಲಿ ಮತ್ತೆ ಹುಟ್ಟಿನಿಂದ ಬಂದದ್ದು, ಈ ಬದುಕಿನಲ್ಲಿ ದುಡಿದು ಗಳಿಸಿದ್ದು, ಉಪದೇಶದಿಂದ ಪಡೆದದ್ದು ಎಂದು ಮೂರು ಮಾಡಿದ. ಈಗ ನಾವು ನೆನಪಿಟ್ಟುಕೊಂಡಿರುವುದು ಮೊದಲನೆಯದನ್ನು ಮಾತ್ರ. ಉಳಿದೆರಡಕ್ಕೆ ‘ಶ್ರಮ’ ಎಂದೂ ‘ತರಬೇತಿ’ ಎಂದೂ ಬೇರೆ ಹೆಸರು ಕೊಟ್ಟು ಪ್ರತಿಭೆಯ ಮನೆಯಿಂದ ಹೊರಗಿಟ್ಟಿದ್ದೇವೆ. ಭಾವಯಿತ್ರಿಯನ್ನಂತೂ ಪೂರ್ತಿ ಮರೆತಿದ್ದೇವೆ. ಕೇಳುವವನಿಗೂ ಪ್ರತಿಭೆ ಬೇಕು, ಅದಿಲ್ಲದಿದ್ದರೆ ಕವಿಯ ದುಡಿಮೆ ಕಾಯಿ ಕಚ್ಚದ ಮರ ಎಂಬುದು ರಾಜಶೇಖರನ ಅಭಿಪ್ರಾಯ. ಸಭೆಯಲ್ಲಿ ಪರಿಚಯ ಮಾಡಲು ನಿಂತವನು ಎಚ್ಚರಿಸಬೇಕಾದದ್ದು ಈ ಎರಡನೆಯದನ್ನು.

ಹಾಗಾದರೆ ‘ಬಾಲಪ್ರತಿಭೆ’ ಎಲ್ಲಿಂದ ಬಂತು? ಇಂಗ್ಲಿಷಿನ ‘ಚೈಲ್ಡ್ ಪ್ರಾಡಿಜಿ’ಗೆ ಇದನ್ನೇ ನಾವು ಸಾಟಿಯಾಗಿ ಬಳಸುತ್ತೇವೆ. ‘ಪ್ರಾಡಿಜಿ’ಯ ಬೇರು ಲ್ಯಾಟಿನ್ನಿನ ‘ಪ್ರೊದಿಗಿಯುಂ’. ರೋಮನ್ನರಿಗೆ ಅದು ಉತ್ಪಾತ. ಆಕಾಶದಿಂದ ಕಲ್ಲು ಸುರಿಯುವುದು, ವಿಕಾರವಾದ ಕರು ಹುಟ್ಟುವುದು, ವಿಗ್ರಹ ಬೆವರುವುದು. ಅಂಥದ್ದು ಕಂಡರೆ ಶಾಂತಿ ಮಾಡಿಸುತ್ತಿದ್ದರು. ಆಮೇಲೆ ಪದ ಅಚ್ಚರಿಯ ವಸ್ತುವಿಗೆ, 17ನೇ ಶತಮಾನದ ಹೊತ್ತಿಗೆ ಅಚ್ಚರಿಯ ಮಗುವಿಗೆ ಹೊಂದಿಕೊಂಡಿತು. ನಾವು ‘ಪ್ರತಿಭೆ’ಯನ್ನು ಅದರ ಪಕ್ಕ ನಿಲ್ಲಿಸಿದಾಗ ಉತ್ಪಾತವನ್ನು ನೋಡುವ ಆ ನೋಟವೂ ಜೊತೆಗೆ ಬಂತು ಎಂದು ನನಗೆ ತೋರುತ್ತದೆ. ‘ಭಾ’ ಧಾತುವಿನಲ್ಲಿ ಹುಡುಗಿ ನೋಡುತ್ತಿದ್ದಾಳೆ, ಅವಳಿಗೆ ಏನೋ ಕಾಣುತ್ತಿದೆ. ‘ಪ್ರೊದಿಗಿಯುಂ’ನಲ್ಲಿ ನಾವು ಅವಳನ್ನು ನೋಡುತ್ತಿದ್ದೇವೆ.

ಅಷ್ಟರಲ್ಲಿ ಕರ್ನಾಟಕದ ಶಾಲೆ, ಸಂಘಗಳು ಪದವನ್ನು ಇನ್ನೊಂದು ಕಡೆಗೆ ಎಳೆದಿದ್ದವು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ‘ಪ್ರತಿಭಾ ಪುರಸ್ಕಾರ’, ಶಾಲಾ ಸ್ಪರ್ಧೆಗಳಿಗೆ ‘ಪ್ರತಿಭಾ ಕಾರಂಜಿ’, ವಿದೇಶಕ್ಕೆ ಹೋದ ಎಂಜಿನಿಯರುಗಳದು ‘ಪ್ರತಿಭಾ ಪಲಾಯನ’. ಪ್ರತಿಭೆ ಅಳೆಯಬಹುದಾದ, ಶಾಲು ಹೊದಿಸಬಹುದಾದ, ವಿಮಾನ ಹತ್ತಿಸಬಹುದಾದ ವಸ್ತುವಾಯಿತು. ಕೊನೆಗೆ ಮನುಷ್ಯರೇ ಪ್ರತಿಭೆಗಳಾದರು. ‘ನಮ್ಮ ಊರಿನ ಪ್ರತಿಭೆ’ ಎನ್ನುತ್ತೇವೆ. ಹೊಳೆದದ್ದು ಏನು ಎಂಬುದು ವಾಕ್ಯದಿಂದ ಬಿದ್ದುಹೋಯಿತು.

ಚಿಕ್ಕಂದಿನಲ್ಲಿ ಅಂಟಿದ ಹೆಸರು ಎಷ್ಟು ದೂರ ಬರುತ್ತದೆ ಎಂಬುದಕ್ಕೆ ನಮ್ಮವರದೇ ಒಂದು ಬದುಕು ಸಾಕ್ಷಿ. 1924ರಲ್ಲಿ ಬೆಳಗಾವಿ ಬಳಿಯ ಸೂಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ ಎಂಬ ಹುಡುಗ, ದೊಡ್ಡ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಅವರಂತೆಯೇ ಹಾಡಿಬಿಡುತ್ತಿದ್ದ. ಗಂಧರ್ವನೇ ಮಗುವಾಗಿ ಬಂದ ಹಾಗಿದೆ ಎಂದು ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂಬ ಬಿರುದು ಕೊಟ್ಟರು. ಆ ಬಿರುದು ಹುಟ್ಟುಹೆಸರನ್ನೇ ನುಂಗಿತು. 1992ರಲ್ಲಿ ತೀರಿಕೊಳ್ಳುವವರೆಗೂ ಅವರು ಕುಮಾರರೇ. ಆದರೆ ನಾವು ಇಂದು ಅವರನ್ನು ನೆನೆಯುವುದು ತಟ್ಟೆಗಳ ಅನುಕರಣೆಗಾಗಿ ಅಲ್ಲ. ಮುಂಬೈಯಲ್ಲಿ ಬಿ.ಆರ್. ದೇವಧರರ ಬಳಿ ಹುಡುಗನಾಗಿದ್ದಾಗಲೇ ಸೇರಿ ವರ್ಷಗಟ್ಟಲೆ ಕಲಿತ ಮೇಲೆ, ಕ್ಷಯರೋಗದಿಂದ ದೇವಾಸಿನಲ್ಲಿ ಹಾಸಿಗೆ ಹಿಡಿದು ಹಾಡಲಾಗದೆ ಮಲಗಿದ್ದಾಗ ಕಿವಿಗೆ ಬಿದ್ದ ಮಾಳವದ ಜನಪದ ಧಾಟಿಗಳಿಂದ, ಅವರು ಕಟ್ಟಿದ ರಾಗಗಳಿಗಾಗಿ, ಹಾಡಿದ ನಿರ್ಗುಣಿ ಭಜನೆಗಳಿಗಾಗಿ. ಅಭಿನವಗುಪ್ತನ ಮಾತಿನ ಅಳತೆಯಲ್ಲಿ, ಹಿಂದೆ ಇಲ್ಲದ್ದು ಬಂದದ್ದು ಆಗ. ಹುಡುಗನ ಎದುರು ಸಭೆ ಬೆರಗಾದದ್ದು ಹೋಲಿಕೆಗೆ. ಬೆರಗೇ ಪ್ರತಿಭೆಗೆ ಗುರುತಲ್ಲ ಎಂದು ನಾನು ನಂಬಲು ಅವರ ಬದುಕೇ ಕಾರಣ.

ಇಷ್ಟಾದ ಮೇಲೆ ನನ್ನ ಹಾಳೆಗೆ ಮರಳಿದೆ. ಒಂದೊಂದು ವಾಕ್ಯಕ್ಕೂ ಎರಡು ಪ್ರಶ್ನೆ ಹಾಕಿದೆ. ಇದೇ ವಾಕ್ಯವನ್ನು 50 ವರ್ಷದ ಉಪನ್ಯಾಸಕರ ಬಗ್ಗೆ ಹೇಳಿದರೆ ಹೇಗಿರುತ್ತದೆ? ‘ಎಷ್ಟು ಧೈರ್ಯವಾಗಿ ಮಾತನಾಡುತ್ತಾರೆ ನೋಡಿ’ ಎಂದು ಅವರ ಬಗ್ಗೆ ಹೇಳಿದರೆ ಅವಮಾನ. ಹಾಗಿದ್ದರೆ 16ರವರ ಬಗ್ಗೆ ಹೇಳಿದರೂ ಅವಮಾನವೇ, ಅವರು ಅದನ್ನು ನುಂಗಿಕೊಳ್ಳುತ್ತಾರೆ ಅಷ್ಟೆ. ಎರಡನೆಯ ಪ್ರಶ್ನೆ, ಚದುರಂಗ ಆಡುವ ಅಥವಾ ವೀಣೆ ನುಡಿಸುವ ಹುಡುಗಿಗೂ ಇದೇ ವಾಕ್ಯ ಹೊಂದುತ್ತದೆಯೇ? ಹೊಂದುವುದಾದರೆ ಅದು ಇವರ ಬಗ್ಗೆ ಏನೂ ಹೇಳುತ್ತಿಲ್ಲ. ಒಂದೂವರೆ ಪುಟದಲ್ಲಿ ಉಳಿದದ್ದು ಅವರ ಹೆಸರು, ಊರು, ಓದುತ್ತಿರುವ ತರಗತಿ.

ಬಹುವಚನವೂ ದೊಡ್ಡ ಸಮಸ್ಯೆಯಾಗಿತ್ತು. ಕನ್ನಡದಲ್ಲಿ ಒಬ್ಬರನ್ನು ಚಿಕ್ಕವರನ್ನಾಗಿ ಮಾಡಲು ‘ಪುಟ್ಟ’ ಎನ್ನಬೇಕಾಗಿಲ್ಲ, ಕ್ರಿಯಾಪದದ ಕೊನೆ ಸಾಕು. ‘ಬಂದಿದ್ದಾರೆ’ ಎಂದು ಓದಲು ಶುರುಮಾಡಿದವರು ಹಾಳೆ ಬಿಟ್ಟು ಅಕ್ಕರೆಯಿಂದ ಮಾತಿಗಿಳಿದ ಕೂಡಲೇ ‘ಇವಳು ನೋಡಿ, ಏನು ಮಾಡಿದಾಳೆ ಅಂದ್ರೆ’ ಎನ್ನುವುದನ್ನು ಎಷ್ಟು ವೇದಿಕೆಗಳಲ್ಲಿ ಕಂಡಿಲ್ಲ! ಮನೆಯಲ್ಲಿ ಏಕವಚನ ಪ್ರೀತಿಯೇ. ವೇದಿಕೆಯ ಮೇಲೆ ಅದು ಕೇಳುಗರಿಗೆ, ಇವರ ಮಾತನ್ನು ಅಷ್ಟು ಗಟ್ಟಿಯಾಗಿ ತೆಗೆದುಕೊಳ್ಳಬೇಕಿಲ್ಲ ಎಂದು ಕೊಟ್ಟ ಅಪ್ಪಣೆಯಾಗುತ್ತದೆ. ಕೇಳುಗರು ಅದೇ ಜಾಡಿನಲ್ಲಿ, ‘ಮುಂದೆ ಏನಾಗ್ತೀಯಮ್ಮ?’ ಎಂದು ಕೇಳುತ್ತಾರೆ. ಹಾಗೆ ಕೇಳಿದರೆ ಉಪನ್ಯಾಸ ಯಾರಿಗೂ ಮುಟ್ಟಿಲ್ಲವೆಂದೇ ಲೆಕ್ಕ.

ಮರುದಿನ ಅವರ ಮನೆಗೆ ಹೋಗಿ, ಕಲ್ಲಿನ ವಿಷಯ ಹೇಳಿ ಎಂದೆ. ಅವರು ತೆಗೆದ ಅಚ್ಚುಗಳನ್ನು ನೆಲದ ಮೇಲೆ ಹಾಸಿದರು. ಕಲ್ಲನ್ನು ನೀರು, ಬ್ರಷ್‌ಗಳಿಂದ ತೊಳೆದು, ಒದ್ದೆ ಕಾಗದ ಹಚ್ಚಿ, ಅಕ್ಷರದ ಕುಳಿಗಳಿಗೆ ಇಳಿಯುವಂತೆ ಬ್ರಷ್‌ನಿಂದ ಬಡಿದು, ಅರೆ ಒಣಗಿದಾಗ ಮಸಿ ಒತ್ತುವುದು. ಕುಳಿ ಬೆಳ್ಳಗೆ ಉಳಿಯುತ್ತದೆ, ಸುತ್ತಲೂ ಕಪ್ಪಾಗುತ್ತದೆ. ಕಾಗದ ತೀರಾ ಒದ್ದೆಯಿದ್ದರೆ ಮಸಿ ಹರಡಿ ಅಕ್ಷರ ಮುಚ್ಚಿಹೋಗುತ್ತದೆ, ತೀರಾ ಒಣಗಿದರೆ ಕಲ್ಲಿನಿಂದ ಎದ್ದುಬಿಡುತ್ತದೆ. ಮೊದಲ ಹನ್ನೊಂದು ಅಚ್ಚುಗಳು ಕೆಟ್ಟವಂತೆ. ಕಲಿಸಿದವರು ಅವರ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಕೆರೆ ಏರಿಯ ಕಲ್ಲಿನ ಎರಡನೇ ಸಾಲಿನಲ್ಲಿ ಸವೆದಿದ್ದ ಒಂದು ಪದವನ್ನು ಊರವರು ವೀರನ ಹೆಸರೆಂದೇ ತಿಳಿದಿದ್ದರು. ಬೆಳಗಿನ ಎಳೆಬಿಸಿಲು ಓರೆಯಾಗಿ ಬೀಳುವಾಗ ನೋಡುತ್ತಿದ್ದ ಇವರಿಗೆ ಎರಡನೆಯ ಅಕ್ಷರ ‘ರ’ ಅಲ್ಲ, ‘ಱ’ ಎಂದು ಹೊಳೆಯಿತು. ಹಾಗಾದರೆ ಪದ ‘ತುಱು’, ಅಂದರೆ ಹಸುಗಳ ಹಿಂಡು. ಸತ್ತವನು ದನ ಕದಿಯಲು ಬಂದವರೊಡನೆ ಕಾದಾಡಿ ಸತ್ತಿದ್ದ. ಕಲ್ಲಿನ ಕೆಳಗಿನ ಅಂಕಣದಲ್ಲಿ ದನಗಳ ಸಾಲು ಕೊರೆದದ್ದು ಏಕೆಂಬುದೂ ಅಲ್ಲಿಗೆ ತಿಳಿಯಿತು.

ಇದು ಪ್ರತಿಭೆ. ಹಳೆಯ ಅರ್ಥದಲ್ಲಿ, ಪೂರ್ತಿ ಪ್ರತಿಭೆ. ಹೊಳೆದದ್ದಕ್ಕೆ ಹಿಂದೆ ಹನ್ನೊಂದು ಕೆಟ್ಟ ಅಚ್ಚು, ಒಬ್ಬ ಮೇಷ್ಟ್ರು, ಎಷ್ಟೋ ಬೆಳಗು.

ಸಭೆಯಲ್ಲಿ ನಾನು ಓದಿದ್ದು ಇಷ್ಟು. “ಇಂದಿನ ಉಪನ್ಯಾಸಕರು ಎರಡು ವರ್ಷಗಳಿಂದ ನಮ್ಮ ಸುತ್ತಲಿನ ಮೂರು ಊರುಗಳ ವೀರಗಲ್ಲುಗಳ ಅಚ್ಚು ತೆಗೆದು ಓದುತ್ತಿದ್ದಾರೆ. ಕೆರೆ ಏರಿಯ ಕಲ್ಲಿನಲ್ಲಿ ನಾವೆಲ್ಲ ಹೆಸರೆಂದು ತಿಳಿದಿದ್ದ ಪದವನ್ನು ಇವರು ಬೇರೆಯಾಗಿ ಓದಿದ್ದಾರೆ. ಆ ಓದು ಸರಿಯಾದರೆ ನಮ್ಮ ಊರಿನ ಒಂದು ಕಾಳಗದ ಕಾರಣ ಬದಲಾಗುತ್ತದೆ. ಅದಕ್ಕೆ ಆಧಾರವನ್ನು ಇವರೇ ತೋರಿಸುತ್ತಾರೆ. ಅಚ್ಚು ತೆಗೆಯುವುದನ್ನು ತಮ್ಮ ಹೈಸ್ಕೂಲಿನ ಕನ್ನಡ ಅಧ್ಯಾಪಕರಿಂದ ಕಲಿತರು, ಅವರು ಇಲ್ಲಿಯೇ ಇದ್ದಾರೆ. ಹತ್ತನೇ ಶತಮಾನಕ್ಕಿಂತ ಹಿಂದಿನ ಲಿಪಿಯನ್ನು ಇನ್ನೂ ಕಲಿಯುತ್ತಿರುವುದಾಗಿ ಹೇಳಿದ್ದಾರೆ. ಈಗ ಮೊದಲ ಪಿಯುಸಿಯಲ್ಲಿ ಓದುತ್ತಿದ್ದಾರೆ. ನಿಮ್ಮ ಕೈಯಲ್ಲಿರುವ ಅಚ್ಚಿನ ಹಾಳೆಯಲ್ಲಿ ಎರಡನೇ ಸಾಲನ್ನು ಗಮನವಿಟ್ಟು ನೋಡುತ್ತಾ ಕೇಳಬೇಕೆಂದು ವಿನಂತಿ.” ಹೆಸರು ಹೇಳಿ ಕೂತೆ. ಒಂದು ನಿಮಿಷ ಹಿಡಿದಿರಬೇಕು.

ತರಗತಿಯನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಮುಚ್ಚಿಡಲು ಹೋದರೆ ಅದೇ ಇನ್ನಷ್ಟು ಎದ್ದು ಕಾಣುತ್ತದೆ, ಮೊದಲೇ ಹೇಳಿದರೆ ಉಳಿದದ್ದೆಲ್ಲ ಅದರ ನೆರಳಿನಲ್ಲಿ ಕೇಳಿಸುತ್ತದೆ. ಗೊತ್ತಿಲ್ಲದ ಲಿಪಿಯ ಮಾತನ್ನು ಸೇರಿಸಿ ಎಂದವರು ಅವರೇ. ಆ ಒಂದು ವಾಕ್ಯದಿಂದ ಹಿಂದಿನ ವಾಕ್ಯಗಳಿಗೆಲ್ಲ ತೂಕ ಬಂತು. ‘ಸರಿಯಾದರೆ’ ಎಂಬುದನ್ನು ನಾನು ಸೇರಿಸಿದೆ. ಓದನ್ನು ಒಪ್ಪುವ, ಒಪ್ಪದಿರುವ ಕೆಲಸ ಸಭೆಯದು.

ಅವರು 40 ನಿಮಿಷ ಮಾತನಾಡಿದರು. ಮುಗಿದ ಮೇಲೆ ಮೊದಲು ಎದ್ದವರು ನಿವೃತ್ತ ಸರ್ವೆ ಅಧಿಕಾರಿಯೊಬ್ಬರು, 78 ವರ್ಷದವರು. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, “ಎರಡನೇ ಸಾಲಿನ ಆ ಅಕ್ಷರ ‘ಱ’ ಅಂತ ಹೇಗೆ ನಿರ್ಧಾರ ಮಾಡಿದ್ರಿ? ಕಲ್ಲು ಚಕ್ಕೆ ಎದ್ದದ್ದೂ ಆಗಿರಬಹುದಲ್ಲ?” ಎಂದು ಕೇಳಿದರು. ಅದೇ ಕಲ್ಲಿನಲ್ಲಿ ಇನ್ನೆರಡು ಕಡೆ ಚೆನ್ನಾಗಿ ಉಳಿದಿರುವ ‘ಱ’ ಅಕ್ಷರಗಳ ಅಚ್ಚನ್ನು ಉಪನ್ಯಾಸಕರು ಪಕ್ಕದಲ್ಲಿಟ್ಟು ತೋರಿಸಿದರು.